ಶಿಕಾರಿಪುರದ ಜೋಳದ ಹೊಲ, ನೂರು ಚುಕ್ಕಿಯ ಒಂದು ಸ್ಲೈಡು

"ಹೋದ್ ವರ್ಷ ಇದೇ ಎಣ್ಣೆ ಹೊಡೆದ್ರೆ ಹುಳ ಉದುರಿ ಬೀಳ್ತಿತ್ತು. ಈಗ ಹುಳಕ್ಕೆ ಎಣ್ಣೆ ರೂಢಿ ಆಗ್ಬಿಟ್ಟಿದೆ."

ಮಳೆಗಾಲದಲ್ಲಿ ಶಿಕಾರಿಪುರದ ಕಡೆ ಮೆಕ್ಕೆಜೋಳ ಬೆಳೆಯುವವರ ಬಾಯಲ್ಲಿ ಇಂಥ ಮಾತು ಕೇಳೋದು ಅಪರೂಪವಲ್ಲ. ಎಣ್ಣೆ ಅಂದರೆ ಇಲ್ಲಿ ಕೀಟನಾಶಕ. ಈ ಮಾತಿನ ಮೊದಲ ಅರ್ಧ ಎಷ್ಟೋ ಸಲ ನಿಜ. ಎರಡನೇ ಅರ್ಧ, ಅಂದರೆ 'ರೂಢಿ ಆಗಿದೆ' ಅನ್ನೋದು, ನಿಜವಲ್ಲ. ಡಾರ್ವಿನ್ 1859ರಲ್ಲಿ ಪುಸ್ತಕ ಬರೆದು ವಿವರಿಸಿದ ವಿಷಯವನ್ನು ನಾವು ಇವತ್ತಿಗೂ ತಪ್ಪು ತಿಳಿದುಕೊಳ್ಳೋದು ಈ ಎರಡರ ನಡುವಿನ ಜಾಗದಲ್ಲೇ.

ಮನೆಯಲ್ಲಿ ಹೈಸ್ಕೂಲು ಓದುವ ಮಗುವೋ, ಬಿ.ಇಡಿ. ಮಾಡುತ್ತಿರುವ ತಂಗಿಯೋ ಇದ್ದರೆ ನಿಮ್ಮ ಫೋನಿಗೂ ಒಂದು ಮೆಸೇಜು ಬಂದಿರಬಹುದು: "ನೈಸರ್ಗಿಕ ಆಯ್ಕೆ ಬಗ್ಗೆ ಒಂದು ಸ್ಲೈಡ್ ಮಾಡ್ಕೊಡಿ, ನಾಳೆ ಕೊಡ್ಬೇಕು." ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗೋದು ಎರಡೇ ಚಿತ್ರ. ಒಂದರಲ್ಲಿ ಜಿರಾಫೆ ಕತ್ತು ಚಾಚಿಕೊಂಡು ನಿಂತಿರುತ್ತೆ. ಇನ್ನೊಂದರಲ್ಲಿ ಕೋತಿಯಂಥ ಪ್ರಾಣಿ ಹೆಜ್ಜೆಹೆಜ್ಜೆಗೂ ನೆಟ್ಟಗಾಗುತ್ತಾ ಕೊನೆಗೆ ಮನುಷ್ಯನಾಗುತ್ತೆ. ಎರಡರದ್ದೂ ಒಂದೇ ತೊಂದರೆ. ನೋಡಿದವರಿಗೆ ಒಂದು ಪ್ರಾಣಿ ತಾನೇ ಪ್ರಯತ್ನಪಟ್ಟು ಬದಲಾಯಿತು ಅನ್ನಿಸುತ್ತೆ. ರೂಢಿ ಆಯ್ತು ಅನ್ನುವ ಮಾತಿಗೂ ಆ ಚಿತ್ರಗಳಿಗೂ ವ್ಯತ್ಯಾಸವಿಲ್ಲ.

ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಶಿವಮೊಗ್ಗ ಜಿಲ್ಲೆಯ ಹೊಲದಲ್ಲೇ ಇದೆ. ಜಿರಾಫೆಯ ಕತ್ತು ಲಕ್ಷಾಂತರ ವರ್ಷದ ಕತೆ. ಈ ಹುಳದ್ದು ಒಂದೆರಡು ಬೆಳೆಯ ಅವಧಿಯಲ್ಲೇ ನಡೆಯಬಲ್ಲ ಕತೆ.

ಮೇ 2018: ಹೊಸ ಅತಿಥಿ

ಈ ಹುಳದ ಹೆಸರು ಫಾಲ್ ಸೈನಿಕ ಹುಳು, ಫಾಲ್ ಆರ್ಮಿವರ್ಮ್ ಅಂತಲೂ ಕರೀತಾರೆ. ಮೂಲ ಊರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಎರಡು ವರ್ಷ ಕಳೆದು, 2018ರ ಮೇ ತಿಂಗಳಲ್ಲಿ, ಭಾರತದಲ್ಲಿ ಮೊದಲ ಬಾರಿಗೆ ಇದನ್ನು ಗುರುತಿಸಿದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ಇಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. 2019ರ ಜನವರಿ ಹೊತ್ತಿಗೆ ಅದು ಚೀನಾ ಗಡಿಯನ್ನೂ ದಾಟಿತ್ತು.

ಗುರುತು ಹಿಡಿಯೋದು ಸುಲಭ. ತಲೆಯ ಮೇಲೆ ಬಿಳಿ ಗೆರೆಯಲ್ಲಿ ತಲೆಕೆಳಗಾದ ಇಂಗ್ಲಿಷಿನ 'ವೈ' ಅಕ್ಷರ. ಬಾಲದ ತುದಿಗೆ ಸ್ವಲ್ಪ ಮೊದಲು ಚೌಕವಾಗಿ ಜೋಡಿಸಿಟ್ಟಂಥ ನಾಲ್ಕು ಕಪ್ಪು ಚುಕ್ಕಿ. ಜೋಳದ ಸುಳಿಯೊಳಗೆ ಕೂತು ತಿನ್ನುತ್ತೆ, ಮೇಲೆ ಮರದ ಪುಡಿಯಂಥ ಹಿಕ್ಕೆ ತುಂಬಿಸುತ್ತೆ.

ನಮ್ಮ ಸ್ಲೈಡಿಗೆ ಮುಖ್ಯವಾಗಿ ಬೇಕಾಗಿರೋದು ಅದರ ಸಂಸಾರದ ಲೆಕ್ಕ. ಮೊಟ್ಟೆ ಒಡೆಯೋಕೆ ಎರಡು ಮೂರು ದಿನ, ಹುಳವಾಗಿ ಎರಡು ಮೂರು ವಾರ, ಮಣ್ಣಿನಲ್ಲಿ ಕೋಶವಾಗಿ ಸುಮಾರು ಎಂಟೊಂಬತ್ತು ದಿನ, ಆಮೇಲೆ ಪತಂಗ. ಬೆಚ್ಚಗಿನ ಹವೆಯಲ್ಲಿ ಒಟ್ಟು ಒಂದು ತಿಂಗಳಿಗೆ ಒಂದು ತಲೆಮಾರು ಮುಗಿಯುತ್ತೆ. ಒಂದು ಹೆಣ್ಣು ಪತಂಗ ತನ್ನ ಪುಟ್ಟ ಬದುಕಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅಂದರೆ ನಾಲ್ಕು ತಿಂಗಳ ಮೆಕ್ಕೆಜೋಳದ ಬೆಳೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂರೂ ತಲೆಮಾರು ಅದೇ ಹೊಲದಲ್ಲಿ ಬಂದು ಹೋಗಬಹುದು.

ಸ್ಲೈಡಿನ ಮೊದಲ ಸಾಲು: ಎಲ್ಲ ಹುಳವೂ ಒಂದೇ ಅಲ್ಲ

ಹೊಲದಲ್ಲಿ ಒಂದು ಸಾವಿರ ಹುಳ ಇದೆ ಅಂದುಕೊಳ್ಳೋಣ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ. ಆದರೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಬಣ್ಣ, ಎತ್ತರ ಬೇರೆಬೇರೆ ಇರುವ ಹಾಗೆ ಹುಳಗಳ ಒಳಗೂ ಸಣ್ಣಪುಟ್ಟ ವ್ಯತ್ಯಾಸ ಹುಟ್ಟಿನಿಂದಲೇ ಇರುತ್ತೆ. ಕೀಟನಾಶಕ ಹುಳದ ಮೈಯಲ್ಲಿ ಯಾವುದೋ ಒಂದು ಪ್ರೋಟೀನಿಗೆ ಹೋಗಿ ಅಂಟಿಕೊಂಡರೆ ಮಾತ್ರ ಕೊಲ್ಲುತ್ತೆ. ಕೆಲವು ಹುಳಗಳಲ್ಲಿ ಆ ಪ್ರೋಟೀನಿನ ಆಕಾರ ಸ್ವಲ್ಪ ಬೇರೆ, ಔಷಧ ಸರಿಯಾಗಿ ಕೂರಲ್ಲ. ಇನ್ನು ಕೆಲವು ಹುಳಗಳ ಹೊಟ್ಟೆ ಔಷಧವನ್ನು ಬೇಗ ಒಡೆದು ಹಾಕುತ್ತೆ. ಇಂಥ ಹುಳಗಳನ್ನು ನಾವು ಇಲ್ಲಿ 'ಗಟ್ಟಿ ಹುಳ' ಅಂತ ಕರೆಯೋಣ, ಉಳಿದವು 'ಸಾದಾ ಹುಳ'.

ಗಮನಿಸಬೇಕಾದ ವಿಷಯ: ಎಣ್ಣೆ ಹೊಡೆಯುವ ಮೊದಲೇ ಗಟ್ಟಿ ಹುಳ ಇರುತ್ತೆ. ಚೀನಾಕ್ಕೆ ಬಂದ ಫಾಲ್ ಸೈನಿಕ ಹುಳಗಳ ಜೀನ್ ಪರೀಕ್ಷೆ ಮಾಡಿದಾಗ, ಆರ್ಗನೋಫಾಸ್ಫೇಟ್ ಅನ್ನುವ ಹಳೇ ಕೀಟನಾಶಕಗಳನ್ನು ತಡೆದುಕೊಳ್ಳುವ ಜೀನ್ ರೂಪಗಳು ಅವುಗಳಲ್ಲಿ ಕಂಡುಬಂದವು. ಅಲ್ಲಿನ ರೈತರು ಹೊಡೆದ ಎಣ್ಣೆಯಿಂದ ಹುಟ್ಟಿದ್ದಲ್ಲ ಅದು. ಬರುವಾಗಲೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದವು.

ಈಗ ಲೆಕ್ಕಕ್ಕೆ ಬರೋಣ. ಇವು ಲೆಕ್ಕ ಅರ್ಥವಾಗಲಿ ಅಂತ ನಾನು ಇಟ್ಟುಕೊಂಡ ಸಂಖ್ಯೆಗಳು, ಯಾವ ಹೊಲದಲ್ಲೂ ಅಳೆದದ್ದಲ್ಲ. ಸಾವಿರ ಹುಳದಲ್ಲಿ 10 ಗಟ್ಟಿ, 990 ಸಾದಾ. ಒಂದು ಸಲ ಎಣ್ಣೆ ಹೊಡೆದರೆ ಸಾದಾ ಹುಳದಲ್ಲಿ ನೂರಕ್ಕೆ 10 ಉಳಿಯುತ್ತೆ, ಗಟ್ಟಿ ಹುಳದಲ್ಲಿ ನೂರಕ್ಕೆ 80 ಉಳಿಯುತ್ತೆ. ಮಕ್ಕಳು ತಾಯಿಯನ್ನೇ ಹೋಲುತ್ತವೆ ಅಂತಲೂ ಸದ್ಯಕ್ಕೆ ಒಪ್ಪಿಕೊಳ್ಳೋಣ.

ನಾಲ್ಕು ಸಲ ಎಣ್ಣೆ, ನಾಲ್ಕು ತಲೆಮಾರು

ಮೊದಲ ಸಲ ಹೊಡೆದಾಗ 990 ಸಾದಾ ಹುಳದಲ್ಲಿ 99 ಉಳಿದವು. 10 ಗಟ್ಟಿ ಹುಳದಲ್ಲಿ 8 ಉಳಿದವು. ಒಟ್ಟು 107. ಸಾವಿರದಲ್ಲಿ ಸುಮಾರು 900 ಸತ್ತಿದ್ದು ನೋಡಿ ರೈತ ಖುಷಿಯಾಗಿ ಮನೆಗೆ ಹೋದ. ಆದರೆ ಉಳಿದ 107ರಲ್ಲಿ 8 ಗಟ್ಟಿ, ಅಂದರೆ ನೂರಕ್ಕೆ ಏಳೂವರೆ. ಮೊದಲು ನೂರಕ್ಕೆ ಒಂದೇ ಇತ್ತು.

ಈ 107 ಹುಳ ಪತಂಗವಾಗಿ ಮೊಟ್ಟೆ ಇಡುತ್ತವೆ. ಒಂದೊಂದು ಹೆಣ್ಣಿಗೆ ಸಾವಿರ ಮೊಟ್ಟೆ ಇರುವಾಗ ಹೊಲ ಮತ್ತೆ ತುಂಬಲು ಏನೂ ಕಷ್ಟವಿಲ್ಲ. ಮುಂದಿನ ತಲೆಮಾರಿನಲ್ಲೂ ಸಾವಿರ ಹುಳವೇ ಇದೆ ಅಂದುಕೊಳ್ಳಿ. ಅದರಲ್ಲಿ 75 ಗಟ್ಟಿ, 925 ಸಾದಾ. ಎರಡನೇ ಸಲ ಹೊಡೆದಾಗ 60 ಗಟ್ಟಿ, 92 ಸಾದಾ ಉಳಿದವು. ಒಟ್ಟು 152. "ಹೋದ ಸಲಕ್ಕಿಂತ ಒಂಚೂರು ಹೆಚ್ಚು ಉಳಿದಿದೆ, ಮಳೆ ಬಂದಿತ್ತಲ್ಲ" ಅಂತ ರೈತ ಸಮಾಧಾನ ಮಾಡಿಕೊಂಡ. ಒಳಗೆ ನಡೆದದ್ದು ಬೇರೆ. ಉಳಿದವುಗಳಲ್ಲಿ ಗಟ್ಟಿ ಹುಳದ ಪಾಲು ನೂರಕ್ಕೆ 39 ಆಗಿಬಿಟ್ಟಿದೆ.

ಮೂರನೇ ತಲೆಮಾರಿನ ಸಾವಿರದಲ್ಲಿ 390 ಗಟ್ಟಿ, 610 ಸಾದಾ. ಎಣ್ಣೆ ಹೊಡೆದ ಮೇಲೆ ಉಳಿದದ್ದು 312 ಗಟ್ಟಿ, 61 ಸಾದಾ, ಒಟ್ಟು 373. ಗಟ್ಟಿ ಹುಳದ ಪಾಲು ನೂರಕ್ಕೆ 84. ಈಗ ರೈತನಿಗೆ ಗಾಬರಿ. ನಾಲ್ಕನೇ ತಲೆಮಾರಿನಲ್ಲಿ ಎಣ್ಣೆ ಹೊಡೆದ ಮೇಲೂ 685ರಷ್ಟು ಹುಳ ಬದುಕಿರುತ್ತೆ. ಅವುಗಳಲ್ಲಿ ನೂರಕ್ಕೆ 98 ಗಟ್ಟಿ. ಅಂಗಡಿ ಮುಂದೆ ನಿಂತು "ಹುಳಕ್ಕೆ ರೂಢಿ ಆಗ್ಬಿಟ್ಟಿದೆ" ಅನ್ನೋದು ಆವತ್ತು.

ಈ ಲೆಕ್ಕವನ್ನು ಇನ್ನೊಂದು ಸಲ ಮೇಲಿಂದ ಓದಿ. ರೈತನ ಕಣ್ಣಿಗೆ ಕಂಡಿದ್ದು 107, 152, 373, 685. ಮೊದಲ ಎರಡು ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆದರೆ ಗಟ್ಟಿ ಹುಳದ ಪಾಲು ಆ ಎರಡೇ ಹೆಜ್ಜೆಯಲ್ಲಿ 1ರಿಂದ 39ಕ್ಕೆ ಹಾರಿತ್ತು. ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನಮಗೆ ಅನ್ನಿಸುತ್ತಿದ್ದ ಸಮಯದಲ್ಲೇ ದೊಡ್ಡ ಬದಲಾವಣೆ ನಡೆದುಹೋಗಿತ್ತು.

ಮತ್ತೊಂದು ವಿಷಯ. ಈ ಇಡೀ ಕತೆಯಲ್ಲಿ ಯಾವೊಂದು ಹುಳವೂ ಸಾದಾದಿಂದ ಗಟ್ಟಿಯಾಗಿ ಬದಲಾಗಲಿಲ್ಲ. ಸಾದಾ ಹುಳ ಸಾದಾ ಆಗಿಯೇ ಸತ್ತಿತು. ಗಟ್ಟಿ ಹುಳ ಗಟ್ಟಿಯಾಗಿಯೇ ಹುಟ್ಟಿತ್ತು. ಬದಲಾದದ್ದು ಗುಂಪಿನಲ್ಲಿ ಯಾರೆಷ್ಟು ಅನ್ನುವ ಲೆಕ್ಕ. ಜರಡಿ ಹಿಡಿದಾಗ ಕಾಳು ದಪ್ಪಗಾಗಲ್ಲ, ದಪ್ಪ ಕಾಳು ಮೇಲೆ ಉಳಿಯುತ್ತೆ ಅಷ್ಟೇ. ವ್ಯತ್ಯಾಸ ಏನಂದರೆ ಇಲ್ಲಿ ಉಳಿದ ಕಾಳು ಮರಿ ಹಾಕುತ್ತೆ, ಮರುದಿನ ಅದೇ ಜರಡಿ ಮತ್ತೆ ಹಿಡೀತಾರೆ.

'ರೂಢಿ' ಅಲ್ಲ ಅಂತ ಹೇಗೆ ಗೊತ್ತು?

ಜಾಣ ಮಗು ಇಲ್ಲಿ ಒಂದು ಪ್ರಶ್ನೆ ಕೇಳೇ ಕೇಳುತ್ತೆ. "ಮಾಮ, ಹುಳ ಸ್ವಲ್ಪ ಸ್ವಲ್ಪ ಎಣ್ಣೆ ಕುಡಿದು ನಿಜವಾಗ್ಲೂ ಅಭ್ಯಾಸ ಮಾಡ್ಕೊಂಡಿರಬಹುದಲ್ಲ? ಕುಡುಕರಿಗೆ ಆಗಲ್ವಾ ಹಾಗೆ?"

ಪ್ರಶ್ನೆ ಸರಿಯಾಗಿಯೇ ಇದೆ, ವಿಜ್ಞಾನಿಗಳೂ ಇದನ್ನು ಕೇಳಿಕೊಂಡಿದ್ದರು. ಉತ್ತರ ಕಂಡುಕೊಳ್ಳಲು ಒಂದು ಚಂದದ ದಾರಿ ಇದೆ. 1960ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆನೆಟ್ ಅನ್ನುವ ವಿಜ್ಞಾನಿ ಹಣ್ಣಿನ ನೊಣಗಳ ಕುಟುಂಬಗಳನ್ನು ತೆಗೆದುಕೊಂಡರು. ಪ್ರತಿ ಕುಟುಂಬದ ಅಣ್ಣತಮ್ಮ ಅಕ್ಕತಂಗಿಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಡಿಡಿಟಿ ಕೊಟ್ಟರು. ಯಾವ ಕುಟುಂಬದವರು ಡಿಡಿಟಿಯನ್ನು ಹೆಚ್ಚು ತಡೆದುಕೊಂಡರೋ, ಆ ಕುಟುಂಬದ ಇನ್ನೊಂದು ಪಾಲಿನಿಂದ, ಅಂದರೆ ಡಿಡಿಟಿಯ ವಾಸನೆಯೂ ನೋಡದ ನೊಣಗಳಿಂದ, ಮುಂದಿನ ತಲೆಮಾರು ಬೆಳೆಸಿದರು. ಹಲವು ತಲೆಮಾರು ಹೀಗೇ ನಡೆಯಿತು.

ರೂಢಿಯೇ ಕಾರಣವಾಗಿದ್ದರೆ ಈ ಸಾಲಿನ ನೊಣಗಳಿಗೆ ಯಾವ ಶಕ್ತಿಯೂ ಬರಬಾರದಿತ್ತು. ಅವುಗಳ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರೂ ಡಿಡಿಟಿ ಕಂಡವರೇ ಅಲ್ಲ. ಆದರೂ ಆ ಸಾಲು ಡಿಡಿಟಿ ತಡೆಯುವ ಸಾಲಾಗಿ ಬೆಳೆಯಿತು. ಗುಣ ಮೊದಲೇ ಇತ್ತು, ವಿಷ ಅದನ್ನು ಹುಟ್ಟಿಸಲಿಲ್ಲ, ಯಾರ ಮಕ್ಕಳು ಮುಂದುವರಿಯಬೇಕು ಅನ್ನೋದನ್ನಷ್ಟೇ ತೀರ್ಮಾನಿಸಿತು ಅನ್ನೋದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಕುಡುಕನ ಉದಾಹರಣೆಗೂ ಉತ್ತರ ಇಲ್ಲೇ ಇದೆ. ಕುಡಿದು ಕುಡಿದು ಒಬ್ಬ ಮನುಷ್ಯನ ಮೈ ಒಗ್ಗಿಕೊಳ್ಳಬಹುದು. ಆದರೆ ಆ ಒಗ್ಗಿಕೊಂಡಿದ್ದು ಅವನ ಮಗುವಿಗೆ ಹುಟ್ಟಿನಿಂದ ಬರಲ್ಲ. ಮಕ್ಕಳಿಗೆ ಇಳಿಯದ ಗುಣದ ಮೇಲೆ ನೈಸರ್ಗಿಕ ಆಯ್ಕೆ ಏನೂ ಮಾಡಲಾಗದು.

ಸೊರಬದ ಗದ್ದೆ: ವಿಷವೇ ಇಲ್ಲದೆ ನಡೆಯುವ ಆಯ್ಕೆ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋದರೆ ಮೆಕ್ಕೆಜೋಳದ ಜತೆಗೆ ಭತ್ತದ ಗದ್ದೆ, ಅಡಿಕೆ ತೋಟ ಹೆಚ್ಚಾಗುತ್ತಾ ಹೋಗುತ್ತೆ. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರನ್ನು ಮಾತಾಡಿಸಿದ್ದರೆ ಒಂದು ತಕರಾರು ಕೇಳಿರುತ್ತೀರಿ: ಕೆಲವು ಹುಲ್ಲು ಥೇಟ್ ಭತ್ತದ ಹಾಗೇ ಇರುತ್ತೆ, ಎಳೆಯದಿದ್ದಾಗ ಗೊತ್ತೇ ಆಗಲ್ಲ, ತೆನೆ ಬಂದ ಮೇಲೆ ಬಣ್ಣ ಬಯಲಾಗುತ್ತೆ.

ಪ್ರಪಂಚದ ಭತ್ತ ಬೆಳೆಯುವ ನಾಡುಗಳಲ್ಲೆಲ್ಲ ಕಾಟ ಕೊಡುವ ಬಾರ್ನ್‌ಯಾರ್ಡ್ ಹುಲ್ಲು ಈ ಜಾತಿಗೆ ಸೇರಿದ್ದು. ಇದರ ಕೆಲವು ಬಗೆಗಳು ನೆಲಕ್ಕೆ ಹರಡಿಕೊಂಡು, ಬುಡದಲ್ಲಿ ಕೆಂಪು ಬಣ್ಣದಲ್ಲಿ ಬೆಳೆಯುತ್ತವೆ. ಭತ್ತದ ಗದ್ದೆಯ ಬಗೆ ಮಾತ್ರ ಭತ್ತದಂತೆಯೇ ನೆಟ್ಟಗೆ, ಹಸಿರಾಗಿ ನಿಲ್ಲುತ್ತೆ. ಹುಲ್ಲಿಗೆ ಭತ್ತವನ್ನು ನೋಡಲು ಕಣ್ಣಿಲ್ಲ, ನಕಲು ಮಾಡುವ ಬುದ್ಧಿಯೂ ಇಲ್ಲ. ಕಣ್ಣಿದ್ದದ್ದು ಕಳೆ ಕೀಳುವವರಿಗೆ. ಹರಡಿಕೊಂಡ, ಬಣ್ಣ ಬೇರೆಯಾದ ಗಿಡ ಅವರ ಕೈಗೆ ಮೊದಲು ಸಿಕ್ಕಿತು. ಸ್ವಲ್ಪ ಭತ್ತದಂತೆ ಕಂಡದ್ದು ತಪ್ಪಿಸಿಕೊಂಡು ಬೀಜ ಉದುರಿಸಿತು. ಚೀನಾದ ಯಾಂಗ್‌ಟ್ಸಿ ನದಿ ಬಯಲಿನ ಗಿಡಗಳ ಜೀನ್‌ಗಳನ್ನು ಹೋಲಿಸಿ 2019ರಲ್ಲಿ ವಿಜ್ಞಾನಿಗಳು ಹೇಳಿದ್ದು, ಈ ವೇಷ ಸುಮಾರು ಸಾವಿರ ವರ್ಷಗಳ ಹಿಂದೆ, ಜನ ಗದ್ದೆಯಲ್ಲಿ ಕೈಯಿಂದ ಕಳೆ ಕೀಳುತ್ತಿದ್ದ ಕಾಲದಲ್ಲಿ ರೂಪುಗೊಂಡಿತು ಅಂತ.

ವೇಷ ಪೂರ್ತಿಯಾಗಿಲ್ಲ ಅನ್ನೋದೂ ಗಮನಿಸಬೇಕು. ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಬಿಡಿಸಿ ನೋಡಿದರೆ ಭತ್ತಕ್ಕೆ ತೆಳ್ಳನೆಯ ಪೊರೆಯಂಥ ಪುಟ್ಟ ನಾಲಿಗೆ ಇರುತ್ತೆ, ಈ ಹುಲ್ಲಿಗೆ ಇರಲ್ಲ. ಬಗ್ಗಿ ಬೇಗಬೇಗ ಕಳೆ ಕೀಳುವವರು ಅಷ್ಟು ಹತ್ತಿರದಿಂದ ಪ್ರತಿ ಗಿಡವನ್ನೂ ನೋಡೋಕೆ ಆಗಲ್ಲ. ಜರಡಿಯ ಕಣ್ಣು ಎಷ್ಟು ಸಣ್ಣದೋ ಅಷ್ಟೇ ಸೂಕ್ಷ್ಮವಾಗಿ ಆಯ್ಕೆ ನಡೆಯುತ್ತೆ, ಅದಕ್ಕಿಂತ ಆಚೆ ಹೋಗಲ್ಲ. ನೈಸರ್ಗಿಕ ಆಯ್ಕೆ ಯಾವತ್ತೂ ಪರಿಪೂರ್ಣ ಜೀವಿಯನ್ನು ಮಾಡಲು ಹೊರಟಿರಲ್ಲ ಅಂತ ಸ್ಲೈಡಿನಲ್ಲಿ ಹೇಳಬೇಕಿದ್ದರೆ ಈ ಹುಲ್ಲನ್ನು ತೋರಿಸಿ.

ಎಲ್ಲ ಸಾವೂ ಆಯ್ಕೆಯಲ್ಲ

ಸ್ಲೈಡ್ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. ಏನೇ ಸತ್ತರೂ 'ನೈಸರ್ಗಿಕ ಆಯ್ಕೆ' ಅಂದುಬಿಡುತ್ತಾರೆ. ಜೋರು ಮಳೆ ಬಂದರೆ ಜೋಳದ ಸುಳಿಯಲ್ಲಿ ನೀರು ತುಂಬಿ ಸಣ್ಣ ಹುಳಗಳು ಸಾಯುತ್ತವೆ. ಆದರೆ ಮಳೆ ಗಟ್ಟಿ ಹುಳ ಯಾವುದು, ಸಾದಾ ಯಾವುದು ಅಂತ ನೋಡಲ್ಲ. ಸಾವಿರಕ್ಕೆ ಐನೂರು ಸತ್ತರೂ ಗಟ್ಟಿ ಹುಳದ ಪಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಗುಂಪು ತೀರಾ ಚಿಕ್ಕದಾಗಿದ್ದರೆ ಲಾಟರಿ ಹೊಡೆದ ಹಾಗೆ ಪಾಲು ಹೆಚ್ಚುಕಡಿಮೆ ಆಗಬಹುದು, ಅದಕ್ಕೆ ಬೇರೆಯೇ ಹೆಸರಿದೆ. ಆಯ್ಕೆ ಅನ್ನಬೇಕಾದರೆ ಸಾವು ಗುಣ ನೋಡಿ ಬರಬೇಕು, ಆ ಗುಣ ಮಕ್ಕಳಿಗೆ ಇಳಿಯಬೇಕು.

ಹೊಲದಲ್ಲೂ ಇದೇ ಎಚ್ಚರ ಬೇಕು. ಎಣ್ಣೆ ಹೊಡೆದ ಮೇಲೂ ಹುಳ ಉಳಿದಿದೆ ಅಂದ ತಕ್ಷಣ ಅದು ಗಟ್ಟಿ ಹುಳ ಅಂತಲ್ಲ. ದೊಡ್ಡದಾದ ಹುಳ ಸುಳಿಯ ಆಳದಲ್ಲಿ, ತನ್ನದೇ ಹಿಕ್ಕೆಯ ಕೆಳಗೆ ಕೂತಿದ್ದರೆ ಎಣ್ಣೆ ಅದಕ್ಕೆ ತಾಗಿಯೇ ಇರಲ್ಲ. ಹೊಡೆದ ಹಿಂದೆಯೇ ಮಳೆ ಬಂದಿರಬಹುದು, ನೀರಿಗೆ ಹಾಕಿದ ಔಷಧ ಕಮ್ಮಿಯಾಗಿರಬಹುದು. ಗೊತ್ತು ಮಾಡಿಕೊಳ್ಳೋದು ಹೇಗೆ? ಪ್ರಯೋಗಾಲಯದವರು ಹೊಲದ ಹುಳಗಳನ್ನು ತಂದು ಸಾಕಿ, ಅವುಗಳ ಮಕ್ಕಳ ಮೇಲೆ ಪರೀಕ್ಷೆ ಮಾಡುತ್ತಾರೆ. ಅಳತೆ ಮಾಡಿದ ಔಷಧದಲ್ಲಿ ಎಲೆ ಅದ್ದಿ, ಒಂದೇ ವಯಸ್ಸಿನ ಮರಿಗಳಿಗೆ ತಿನ್ನಲು ಕೊಟ್ಟು, ಎಣ್ಣೆ ಕಾಣದೆ ಬೆಳೆದ ಲ್ಯಾಬಿನ ಸಾದಾ ಹುಳಗಳ ಜತೆ ಹೋಲಿಸುತ್ತಾರೆ. ಹೊಲದ ಹುಳದ ಮಕ್ಕಳು ಹೆಚ್ಚು ಬದುಕಿದರೆ ಮಾತ್ರ ಗುಣ ರಕ್ತದಲ್ಲಿದೆ ಅಂತ ಅರ್ಥ.

ಸಾದಾ ಹುಳವನ್ನು ಉಳಿಸಿಕೊಳ್ಳೋದು ಯಾಕೆ ಲಾಭ

ಮೇಲಿನ ಲೆಕ್ಕ ತುಂಬಾ ವೇಗವಾಗಿತ್ತು. ನಿಜವಾದ ಹೊಲದಲ್ಲಿ ಸಾಮಾನ್ಯವಾಗಿ ಅಷ್ಟು ವೇಗ ಇರಲ್ಲ. ಹುಳಕ್ಕೆ ಅಪ್ಪ ಅಮ್ಮ ಇಬ್ಬರೂ ಇರುವುದರಿಂದ ಗುಣ ಮಕ್ಕಳಿಗೆ ಇಳಿಯುವುದು ನಾವು ಒಪ್ಪಿಕೊಂಡಷ್ಟು ನೇರವಲ್ಲ. ಅದಕ್ಕಿಂತ ದೊಡ್ಡ ಕಾರಣ ಪಕ್ಕದ ಹೊಲ. ಎಣ್ಣೆ ಹೊಡೆಯದ ಹೊಲದಿಂದ ಸಾದಾ ಪತಂಗಗಳು ಹಾರಿ ಬಂದು ಇಲ್ಲಿನವುಗಳ ಜತೆ ಕೂಡುತ್ತವೆ. ಈ ಪತಂಗ ಬಲವಾಗಿ ಹಾರುವ ಜಾತಿಯದ್ದು.

ಅದನ್ನೂ ಲೆಕ್ಕ ಹಾಕಿಬಿಡೋಣ. ಮೊದಲಿನ ಸಾವಿರ ಹುಳವೇ ಇರಲಿ. ಆದರೆ ಈ ಸಲ ಅರ್ಧ ಹೊಲಕ್ಕೆ ಮಾತ್ರ ಎಣ್ಣೆ. ಹೊಡೆಯದ ಅರ್ಧದಲ್ಲಿ 5 ಗಟ್ಟಿ, 495 ಸಾದಾ, ಎಲ್ಲವೂ ಉಳಿದವು. ಹೊಡೆದ ಅರ್ಧದಲ್ಲಿ 4 ಗಟ್ಟಿ, 50 ಸಾದಾ ಉಳಿದವು. ಸೇರಿಸಿದರೆ 9 ಗಟ್ಟಿ, 545 ಸಾದಾ. ಗಟ್ಟಿ ಹುಳದ ಪಾಲು ನೂರಕ್ಕೆ 1.6. ಹಿಂದಿನ ಲೆಕ್ಕದಲ್ಲಿ ಇದೇ ಹಂತದಲ್ಲಿ ಏಳೂವರೆ ಇತ್ತು. ಇದೇ ರೀತಿ ನಾಲ್ಕು ತಲೆಮಾರು ನಡೆಸಿದರೆ ಗಟ್ಟಿ ಹುಳದ ಪಾಲು ಸುಮಾರು 7ಕ್ಕೆ ಬಂದು ನಿಲ್ಲುತ್ತೆ, 98ಕ್ಕಲ್ಲ.

ಅಂದರೆ ಹೊಡೆಯದೆ ಬಿಟ್ಟ ಜಾಗದ ಸಾದಾ ಹುಳಗಳು ಒಂಥರಾ ಠೇವಣಿ. ಆ ಜಾಗದ ಬೆಳೆ ಸ್ವಲ್ಪ ಹೋಗುತ್ತೆ, ಅದು ನಿಜವಾದ ನಷ್ಟ, ಅರ್ಧ ಹೊಲ ಬಿಡಿ ಅಂತ ಯಾವ ರೈತನಿಗೂ ಹೇಳಲಾಗದು. ಆದರೆ ಎಲ್ಲ ಕಡೆಯೂ, ಎಲ್ಲರೂ, ಒಂದೇ ಔಷಧವನ್ನು, ತಿಂಗಳು ತಿಂಗಳೂ ಹೊಡೆದರೆ ಏನಾಗುತ್ತೆ ಅನ್ನೋದಕ್ಕೆ ಇದೇ ಹುಳದ ಇನ್ನೊಂದು ಊರಿನ ಕತೆ ಇದೆ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ 2003ರ ಹೊತ್ತಿಗೆ ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸಿಕೊಳ್ಳುವ ಬಿಟಿ ಜೋಳ ಬಂತು. ಅಲ್ಲಿ ವರ್ಷವಿಡೀ ಜೋಳ, ಹುಳ ಹೊರಗೆ ಹೋಗಿ ಬರಲು ಸುತ್ತ ಸಮುದ್ರ. ಗಿಡದ ಪ್ರತಿ ಎಲೆಯೂ ಪ್ರತಿ ದಿನವೂ ಎಣ್ಣೆ ಹೊಡೆದ ಹಾಗೆಯೇ. 2006ರಲ್ಲಿ, ಬರೀ ಮೂರು ವರ್ಷದಲ್ಲಿ, ಹೊಲದಲ್ಲಿ ಆ ಜೋಳವನ್ನೇ ತಿಂದು ಬದುಕುವ ಸೈನಿಕ ಹುಳ ಕಾಣಿಸಿಕೊಂಡಿತು. ಆ ಜೋಳದ ಮಾರಾಟವನ್ನೇ ಅಲ್ಲಿ ನಿಲ್ಲಿಸಬೇಕಾಯಿತು.

ನಮ್ಮ ರೈತರಿಗೆ ಕೈಗೆಟುಕುವ ದಾರಿ ಔಷಧ ಬದಲಿಸೋದು. ಅಲ್ಲೂ ಒಂದು ಗುಂಡಿ ಇದೆ. ಬಾಟಲಿಯ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬದಲಾದರೆ ಔಷಧ ಬದಲಾದಂತಲ್ಲ, ಒಂದೇ ಔಷಧ ಹತ್ತಾರು ಹೆಸರಲ್ಲಿ ಸಿಗುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಹೆಸರು ನೋಡಬೇಕು. ಅದೂ ಸಾಲದು. ಹುಳವನ್ನು ಯಾವ ದಾರಿಯಲ್ಲಿ ಕೊಲ್ಲುತ್ತೆ ಅನ್ನೋದರ ಮೇಲೆ ಕೀಟನಾಶಕಗಳನ್ನು ಗುಂಪು ಮಾಡಿ ನಂಬರ್ ಕೊಟ್ಟಿದ್ದಾರೆ. ಎಮಾಮೆಕ್ಟಿನ್ ಬೆಂಜೊಯೇಟ್ 6ನೇ ಗುಂಪು, ಸ್ಪಿನೆಟೊರಾಮ್ 5, ಕ್ಲೋರಾಂಟ್ರಾನಿಲಿಪ್ರೋಲ್ 28. ಫ್ಲುಬೆಂಡಿಯಮೈಡ್ ಹೆಸರು ಬೇರೆ, ಆದರೆ ಅದೂ 28. ಕ್ಲೋರಾಂಟ್ರಾನಿಲಿಪ್ರೋಲ್ ಬಿಟ್ಟು ಫ್ಲುಬೆಂಡಿಯಮೈಡ್ ಹಿಡಿದರೆ ಹುಳದ ಮಟ್ಟಿಗೆ ಜರಡಿ ಅದೇ. ಒಂದು ತಲೆಮಾರಿಗೆ, ಅಂದರೆ ಸುಮಾರು ಒಂದು ತಿಂಗಳಿಗೆ ಒಂದು ಗುಂಪು, ಮುಂದಿನ ತಿಂಗಳಿಗೆ ಬೇರೆ ಗುಂಪು ಅನ್ನೋದು ತಜ್ಞರ ಸಲಹೆ. ಮೊದಲ ಔಷಧಕ್ಕೆ ಗಟ್ಟಿಯಾದ ಹುಳ ಎರಡನೆಯದಕ್ಕೂ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಯಾವುದು, ಎಷ್ಟು ಅನ್ನೋದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ತೀರ್ಮಾನಿಸಬೇಕು.

ಈಗ ಸ್ಲೈಡು

ಒಂದೇ ಸ್ಲೈಡು ಸಾಕು. ಪಠ್ಯ ಕಮ್ಮಿ, ಚುಕ್ಕಿ ಜಾಸ್ತಿ.

ಎಡದಿಂದ ಬಲಕ್ಕೆ ಐದು ಚೌಕ ಹಾಕಿ, ಪ್ರತಿ ಚೌಕದಲ್ಲೂ ನೂರು ಚುಕ್ಕಿ ಇಡಿ. ಸಾದಾ ಹುಳಕ್ಕೆ ತಿಳಿ ಬಣ್ಣ, ಗಟ್ಟಿ ಹುಳಕ್ಕೆ ಕಡು ಬಣ್ಣ. ಮೊದಲ ಚೌಕದಲ್ಲಿ ಕಡು ಚುಕ್ಕಿ 1, ಆಮೇಲೆ 7, 39, 84, 98. ಎರಡೆರಡು ಚೌಕದ ನಡುವೆ ಒಂದು ಬಾಣ, ಬಾಣದ ಮೇಲೆ "ಎಣ್ಣೆ ಹೊಡೆದರು, ಉಳಿದವು ಮೊಟ್ಟೆ ಇಟ್ಟವು" ಅಂತ ಬರೆಯಿರಿ. ಅನಿಮೇಶನ್ ಹಾಕುವುದಾದರೆ ಒಂದು ಎಚ್ಚರ: ತಿಳಿ ಚುಕ್ಕಿ ನಿಧಾನಕ್ಕೆ ಕಡು ಬಣ್ಣಕ್ಕೆ ತಿರುಗುವಂತೆ ಮಾಡಬೇಡಿ. ನೋಡಲು ಚಂದ, ಆದರೆ ಅದು ರೂಢಿಯ ಕತೆಯನ್ನೇ ಹೇಳುತ್ತೆ. ತಿಳಿ ಚುಕ್ಕಿ ಮಾಯವಾಗಬೇಕು, ಖಾಲಿ ಜಾಗದಲ್ಲಿ ಹೊಸ ಚುಕ್ಕಿ ಹುಟ್ಟಬೇಕು.

ಚೌಕಗಳ ಕೆಳಗೆ ನಾಲ್ಕು ಚಿಕ್ಕ ವಾಕ್ಯ ಸಾಕು:

1. ಹುಳಗಳಲ್ಲಿ ಮೊದಲೇ ವ್ಯತ್ಯಾಸ ಇದೆ.
2. ಆ ವ್ಯತ್ಯಾಸ ಮಕ್ಕಳಿಗೆ ಇಳಿಯುತ್ತೆ.
3. ಉಳಿಯಬಹುದಾದದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ.
4. ಯಾವುದು ಉಳಿಯುತ್ತೆ ಅನ್ನೋದು ಆ ವ್ಯತ್ಯಾಸದ ಮೇಲೆ ನಿಂತಿದೆ.

"ಉಳಿಯುವುದಕ್ಕೋಸ್ಕರ ಹುಳ ಬದಲಾಯಿತು" ಅನ್ನುವ ವಾಕ್ಯ ಎಲ್ಲಾದರೂ ನುಸುಳಿದ್ದರೆ ಅಳಿಸಿ. "ಹೊಸ ಜಾತಿ ಹುಟ್ಟಿತು" ಅಂತಲೂ ಬರೆಯಬೇಡಿ. ಐದನೇ ಚೌಕದಲ್ಲಿರುವುದೂ ಫಾಲ್ ಸೈನಿಕ ಹುಳವೇ, ಅದೇ ತಲೆಕೆಳಗಾದ 'ವೈ', ಅದೇ ನಾಲ್ಕು ಚುಕ್ಕಿ.

ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ನೋಡಲು ಕೊನೆಗೆ ಒಂದು ಪ್ರಶ್ನೆ ಕೇಳಿ: ಐದನೇ ಚೌಕದ ನಂತರ ಎಣ್ಣೆ ಹೊಡೆಯೋದು ಪೂರ್ತಿ ನಿಲ್ಲಿಸಿದರೆ ಏನಾಗುತ್ತೆ? "ಹುಳ ಎಣ್ಣೆ ಮರೆತುಬಿಡುತ್ತೆ" ಅಂದರೆ ಮೊದಲ ಚೌಕಕ್ಕೆ ವಾಪಸ್ ಹೋಗಿ. "ಎಣ್ಣೆ ಇಲ್ಲದಾಗ ಗಟ್ಟಿ ಹುಳಕ್ಕೆ ಹೆಚ್ಚಿನ ಲಾಭ ಇಲ್ಲ, ಹಾಗಾಗಿ ಪಾಲು ಹಾಗೇ ಉಳೀಬಹುದು. ಗಟ್ಟಿ ಹುಳ ಬೇರೆ ಯಾವುದರಲ್ಲಾದರೂ ಸೋತರೆ, ಅಂದರೆ ಮೊಟ್ಟೆ ಕಮ್ಮಿ ಇಟ್ಟರೆ, ನಿಧಾನಕ್ಕೆ ಪಾಲು ಇಳೀಬಹುದು" ಅಂದರೆ, ಸ್ಲೈಡ್ ನಾಳೆ ಧೈರ್ಯವಾಗಿ ಕೊಡಬಹುದು.